ಮೂವತ್ತು ಸಾವಿರ ಸುಳ್ಳು ಫಾಲೋವರ್ಸ್ ತೆಗೆಯುವ ಕೆಲಸ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಇನ್‌ಸ್ಟಾಗ್ರಾಂನಲ್ಲಿ ದೊಡ್ಡ ಪುಟ ನಡೆಸುವವರಿಗೆ. ಲಕ್ಷ ಫಾಲೋವರ್ಸ್ ಇದ್ದಾರೆ, ಆದರೆ ಅದರಲ್ಲಿ ಒಂದು ಪಾಲು ದುಡ್ಡು ಕೊಟ್ಟು ತಂದ ಬಾಟ್‌ಗಳು. ಅವನ್ನು ತೆಗೆಯಬೇಕು, ಆದರೆ ರೀಚ್ ಬಿದ್ದುಹೋದರೆ ಅಂತ ಭಯ.

ಮೊದಲು ಆ ಭಯದ ವಿಷಯ. ರೀಚ್ ಅಂದರೆ ನಿಮ್ಮ ಪೋಸ್ಟು ಎಷ್ಟು ಖಾತೆಗಳ ಕಣ್ಣಿಗೆ ಬಿತ್ತು ಅನ್ನುವ ಲೆಕ್ಕ. ದುಡ್ಡಿಗೆ ಬಂದ ಬಾಟು ನಿಮ್ಮನ್ನು ಫಾಲೋ ಮಾಡಿದ ಮೇಲೆ ಸಾಮಾನ್ಯವಾಗಿ ಈ ಕಡೆ ತಲೆ ಹಾಕುವುದಿಲ್ಲ. ನೋಡದೇ ಇದ್ದದ್ದು ಹೋದರೆ ನೋಡುವವರ ಸಂಖ್ಯೆ ಯಾಕೆ ಕಡಿಮೆಯಾಗಬೇಕು? 2014ರ ಡಿಸೆಂಬರ್‌ನಲ್ಲಿ ಇನ್‌ಸ್ಟಾಗ್ರಾಂ ತಾನೇ ಸುಳ್ಳು ಖಾತೆಗಳನ್ನು ಗುಡಿಸಿ ಹಾಕಿತು. ಅದರದೇ ಅಧಿಕೃತ ಪುಟ 1 ಕೋಟಿ 80 ಲಕ್ಷಕ್ಕೂ ಜಾಸ್ತಿ ಫಾಲೋವರ್ಸ್ ಕಳೆದುಕೊಂಡಿತು. ಗಾಯಕ ಜಸ್ಟಿನ್ ಬೀಬರ್ ಪುಟದಿಂದ ಸುಮಾರು 35 ಲಕ್ಷ ಹೋಯಿತು. ಅಭಿಮಾನಿಗಳು ಇದ್ದಲ್ಲೇ ಇದ್ದರು.

ರೀಚ್ ನಿಜವಾಗಿ ಬೀಳುವುದು ತೆಗೆಯುವ ರೀತಿ ತಪ್ಪಿದಾಗ. ಬಾಟು ಅಂದುಕೊಂಡು ನಿಜವಾದ ಜನರನ್ನೇ ಹೊರಗೆ ಹಾಕುತ್ತೇವೆ. ಅಥವಾ ಯಾವುದೋ ಆ್ಯಪಿನ ಕೈಗೆ ಕೆಲಸ ಕೊಟ್ಟು ಖಾತೆಯನ್ನೇ ಸಿಕ್ಕಿಹಾಕಿಸುತ್ತೇವೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆಯ ಒಂದು ಸೀರೆ ಅಂಗಡಿ. ಪುಟಕ್ಕೆ 1 ಲಕ್ಷ ಫಾಲೋವರ್ಸ್. ಮುಂಚೆ ಪುಟ ನೋಡಿಕೊಳ್ಳುತ್ತಿದ್ದ ಹುಡುಗ ದೀಪಾವಳಿ ಹೊತ್ತಿಗೆ 30 ಸಾವಿರ ಕೊಂಡು ತಂದಿದ್ದ. ಒಂದು ಪೋಸ್ಟಿಗೆ 1,400 ಲೈಕ್ ಬರುತ್ತದೆ, ಅಂದರೆ ನೂರಕ್ಕೆ 1.4. ಆ 30 ಸಾವಿರ ಹೋದರೆ ಅದೇ 1,400 ಲೈಕು ನೂರಕ್ಕೆ 2 ಆಗುತ್ತದೆ. ಲೈಕ್ ಒಂದೂ ಹೆಚ್ಚಲಿಲ್ಲ, ಆದರೆ ಜಾಹೀರಾತು ಕೊಡುವವರು ಲೆಕ್ಕ ಹಾಕಿದಾಗ ಪುಟ ಜೀವಂತ ಇದೆ ಅಂತ ಕಾಣುತ್ತದೆ. ಬಾಟ್ ತೆಗೆದ ಮರುದಿನವೇ ರೀಚ್ ಜಿಗಿಯುತ್ತದೆ ಅಂತ ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ.

ಈಗ ಆ 30 ಸಾವಿರ ಯಾರು ಅಂತ ಹುಡುಕಬೇಕು. ಬಹಳ ಜನ ಇಲ್ಲೇ ಎಡವುತ್ತಾರೆ. ಫೋಟೊ ಇಲ್ಲ, ಪೋಸ್ಟ್ ಇಲ್ಲ, ಹೆಸರಿನ ಕೊನೆಗೆ ನಾಲ್ಕು ಅಂಕಿ, ಒಂದು ಲೈಕೂ ಒತ್ತಿಲ್ಲ. ಬಾಟು ಅಂತ ತೆಗೆದುಬಿಡುತ್ತಾರೆ. ಆದರೆ ಇದು ನಮ್ಮ ಮನೆಯ ಚಿಕ್ಕಮ್ಮನ ಖಾತೆಯ ವರ್ಣನೆಯೂ ಹೌದಲ್ವಾ? ಆಕೆ ಲೈಕ್ ಒತ್ತುವುದಿಲ್ಲ, ಆದರೆ ದಿನಾ ರಾತ್ರಿ ಸ್ಟೋರಿ ನೋಡುತ್ತಾರೆ, ಹಬ್ಬಕ್ಕೆ ಸೀರೆ ಕೊಳ್ಳುವವರೂ ಅವರೇ. ಅವರನ್ನು ತೆಗೆದರೆ ಬೀಳುವುದು ನಿಜವಾದ ರೀಚ್.

ಹಾಗಾಗಿ ಮುಖ ನೋಡುವ ಮೊದಲು ಬಂದ ಸಮಯ ನೋಡಿ. ಇನ್‌ಸ್ಟಾಗ್ರಾಂನ ಅಕೌಂಟ್ಸ್ ಸೆಂಟರ್‌ಗೆ ಹೋದರೆ ನಿಮ್ಮ ಮಾಹಿತಿಯನ್ನು ಇಳಿಸಿಕೊಳ್ಳುವ ಸೌಲಭ್ಯ ಇದೆ. ಅದರಲ್ಲಿ ಫಾಲೋವರ್ಸ್ ಪಟ್ಟಿಯನ್ನಷ್ಟೇ ಆರಿಸಿ. ಕಾಲಾವಧಿ ಕೇಳುವಾಗ ಪೂರ್ತಿ ಕಾಲ ಅಂತ ಕೊಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಈಚಿನವರ ಪಟ್ಟಿ ಮಾತ್ರ ಸಿಗುತ್ತದೆ. ಬಂದ ಫೈಲಿನಲ್ಲಿ ಪ್ರತಿ ಹೆಸರಿನ ಜೊತೆ ಆ ಖಾತೆ ನಿಮ್ಮನ್ನು ಫಾಲೋ ಮಾಡಿದ ಸಮಯವೂ ಇರುತ್ತದೆ. ಎಚ್‌ಟಿಎಂಎಲ್ ರೂಪದಲ್ಲಿ ತೆಗೆದುಕೊಂಡರೆ ತಾರೀಕು ಹಾಗೇ ಓದಬಹುದು. ಜೇಸನ್ ರೂಪದಲ್ಲಾದರೆ ಹತ್ತಂಕಿಯ ಸಂಖ್ಯೆ ಇರುತ್ತದೆ, ಅದು 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಆಯಿತು ಅನ್ನುವ ಲೆಕ್ಕ. ಎಕ್ಸೆಲ್ ಗೊತ್ತಿರುವವರು ಅದನ್ನು ತಾರೀಕಿಗೆ ತಿರುಗಿಸಿ, ನಮ್ಮ ಸಮಯಕ್ಕೆ ತರಲು ಐದೂವರೆ ಗಂಟೆ ಕೂಡಿಸಿ, ದಿನಕ್ಕೆ ಎಷ್ಟು ಜನ ಬಂದರು ಅಂತ ಎಣಿಸಲಿ.

ನಮ್ಮ ಸೀರೆ ಅಂಗಡಿಗೆ ಮಾಮೂಲಿ ದಿನ ನಲವತ್ತು, ಐವತ್ತು ಜನ ಬರುತ್ತಾರೆ ಅಂದುಕೊಳ್ಳಿ. ದೀಪಾವಳಿ ಮುಂಚಿನ ಒಂದು ವಾರ ಮಾತ್ರ ದಿನಕ್ಕೆ ನಾಲ್ಕು ಸಾವಿರ. ಆ ವಾರ ಯಾವುದಾದರೂ ರೀಲ್ಸ್ ವೈರಲ್ ಆಗಿತ್ತಾ ನೋಡಿ. ಆಗಿದ್ದರೆ ಬಂದವರು ನಿಜವಾದ ಜನ ಇರಬಹುದು. ಆಗಿಲ್ಲದಿದ್ದರೆ ಗಂಟೆಗಳನ್ನು ನೋಡಿ. ನಮ್ಮ ಜನ ರಾತ್ರಿ ಎರಡಕ್ಕೆ, ಮೂರಕ್ಕೆ ಕಡಿಮೆ ಬರುತ್ತಾರೆ. ಬಾಟಿಗೆ ನಿದ್ದೆ ಇಲ್ಲ, ಇಪ್ಪತ್ನಾಲ್ಕು ಗಂಟೆಯೂ ಒಂದೇ ಸಮ. ಮಾರುವವರು ಈಗ ಜಾಣರಾಗಿದ್ದಾರೆ, ಒಂದೇ ದಿನ ಸುರಿಯದೆ ತಿಂಗಳುಗಟ್ಟಲೆ ಹನಿ ಹನಿಯಾಗಿ ಬಿಡುತ್ತಾರೆ. ಆಗಲೂ ಈ ರಾತ್ರಿಯ ಗುರುತು ಸಾಕಷ್ಟು ಸಲ ಸಿಗುತ್ತದೆ. ಆದರೆ ಫಾಲೋವರ್ಸ್ ಅಮೆರಿಕದಲ್ಲಿ ಜಾಸ್ತಿ ಇರುವ ಕನ್ನಡ ಪುಟಕ್ಕೆ ಇದು ಸುಳ್ಳು ಗುರುತಾಗಬಹುದು, ಅಲ್ಲಿ ಅದು ಹಗಲು.

ಅನುಮಾನದ ಗುಂಪು ಸಿಕ್ಕಿತು. ಈಗ ಮುಖ ನೋಡಿ. ಅದರಲ್ಲಿ ಅಲ್ಲೊಂದು ಇಲ್ಲೊಂದು ಅಂತ ಐವತ್ತು ಖಾತೆ ತೆರೆಯಿರಿ. ಇನ್‌ಸ್ಟಾಗ್ರಾಂನಲ್ಲಿ ಒಬ್ಬರು ಹೆಚ್ಚೆಂದರೆ 7,500 ಜನರನ್ನು ಫಾಲೋ ಮಾಡಬಹುದು. ಬಾಟು ಆರು ಸಾವಿರ, ಏಳು ಸಾವಿರ ಜನರನ್ನು ಹಿಡಿದುಕೊಂಡಿರುತ್ತದೆ, ಅದೂ ಹತ್ತು ದೇಶದವರನ್ನು. ಚಿಕ್ಕಮ್ಮ ಎಂಬತ್ತು ಜನರನ್ನು ಫಾಲೋ ಮಾಡುತ್ತಾರೆ, ಬಹುಪಾಲು ಕನ್ನಡದವರೇ. ಐವತ್ತರಲ್ಲಿ ನಲವತ್ತೇಳೋ ನಲವತ್ತೆಂಟೋ ಬಾಟು ಅನ್ನಿಸಿದರೆ ಆ ಗುಂಪು ಪೂರ್ತಿ ಹೋಗಬಹುದು. ಅರ್ಧಂಬರ್ಧ ಕಂಡರೆ ಒಂದೊಂದೇ ನೋಡಿ ತೆಗೆಯಬೇಕು, ಬೇರೆ ದಾರಿ ಇಲ್ಲ.

ತೆಗೆಯುವುದು ಹೇಗೆ? ಕೆಲವು ಖಾತೆಗಳ ಫಾಲೋವರ್ಸ್ ಪಟ್ಟಿಯಲ್ಲಿ ಸ್ಪ್ಯಾಮ್ ಇರಬಹುದು ಅಂತ ಇನ್‌ಸ್ಟಾಗ್ರಾಂ ತಾನೇ ಬೇರೆ ಮಾಡಿಟ್ಟ ಗುಂಪು ಕಾಣುತ್ತದೆ. ಅಲ್ಲಿ ಎಲ್ಲವನ್ನೂ ಒಟ್ಟಿಗೆ ತೆಗೆಯಬಹುದು. ಒತ್ತುವ ಮೊದಲು ಆ ಗುಂಪಿನಲ್ಲೂ ಗುರುತಿನವರು ಇದ್ದಾರಾ ಕಣ್ಣಾಡಿಸಿ. ಉಳಿದವನ್ನು ಹೆಸರು ಹುಡುಕಿ, ಪಕ್ಕದ ರಿಮೂವ್ ಒತ್ತಿ ತೆಗೆಯಬೇಕು. ಅವರಿಗೆ ಸೂಚನೆ ಹೋಗುವುದಿಲ್ಲ. ತಪ್ಪಿ ನಿಜವಾದವರು ಹೋದರೂ ಅವರು ಮತ್ತೆ ಫಾಲೋ ಮಾಡಬಹುದು. ಬ್ಲಾಕ್ ಮಾಡಿದರೆ ಅದೂ ಆಗಲ್ಲ, ಹಾಗಾಗಿ ಮೊದಲು ರಿಮೂವ್ ಸಾಕು.

ದಿನಕ್ಕೆ ಎಷ್ಟು? ಕಂಪನಿ ಸಂಖ್ಯೆ ಹೇಳಿಲ್ಲ. ಇನ್ನೂರು ಮುನ್ನೂರರಿಂದ ಶುರು ಮಾಡಿ, ಅದನ್ನೂ ಒಂದೇ ಉಸಿರಿಗೆ ಬೇಡ. ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಅನ್ನುವ ಸಂದೇಶ ಬಂದರೆ ಎರಡು ಮೂರು ದಿನ ಕೈ ಬಿಡಿ. ದಿನಕ್ಕೆ ಮುನ್ನೂರಾದರೆ 30 ಸಾವಿರಕ್ಕೆ ನೂರು ದಿನ. ಬೇಜಾರಿನ ಕೆಲಸವೇ. ಈ ಬೇಜಾರನ್ನೇ ನಂಬಿ ಒಂದೇ ರಾತ್ರಿಯಲ್ಲಿ ಎಲ್ಲ ತೆಗೆಯುತ್ತೇವೆ ಅನ್ನುವ ಆ್ಯಪುಗಳು ಬದುಕಿರುವುದು. ಹೊರಗಿನ ಆ್ಯಪಿಗೆ ಫಾಲೋವರ್ ತೆಗೆಯುವ ಅಧಿಕೃತ ದಾರಿಯನ್ನು ಇನ್‌ಸ್ಟಾಗ್ರಾಂ ಕೊಟ್ಟಿಲ್ಲ. ಅವು ನಿಮ್ಮ ಪಾಸ್‌ವರ್ಡೋ ಲಾಗಿನ್ನೋ ಹಿಡಿದು ನಿಮ್ಮ ಹೆಸರಲ್ಲಿ ಕೆಲಸ ಮಾಡುತ್ತವೆ. ನಾಳೆ ಅದೇ ಲಾಗಿನ್ನಿನಿಂದ ನಿಮ್ಮ ಖಾತೆಯೇ ಇನ್ಯಾರಿಗೋ ಬಾಟಾಗಿ ಫಾಲೋ ಮಾಡುತ್ತಿರುತ್ತದೆ. ಮುಂಚೆ ಕೊಟ್ಟಿದ್ದರೆ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಲಾಗ್‌ಔಟ್ ಮಾಡಿ.

ಪುಟವನ್ನು ಸ್ವಲ್ಪ ದಿನ ಪ್ರೈವೇಟ್ ಮಾಡಿ ಅಂತಲೂ ಸಲಹೆ ಕೊಡುತ್ತಾರೆ. ಬೇಡ. ಅದಕ್ಕೆ ಬಿಸಿನೆಸ್ ಖಾತೆಯನ್ನು ಮೊದಲು ಪರ್ಸನಲ್ ಮಾಡಬೇಕು. ಆಮೇಲೆ ಫಾಲೋ ಮಾಡದವರಿಗೆ ನಿಮ್ಮ ರೀಲ್ಸ್ ಕಾಣುವುದೇ ಇಲ್ಲ. ರೀಚ್ ಉಳಿಸಲು ಹೋಗಿ ನಾವೇ ಬಾಗಿಲು ಹಾಕಿದ ಹಾಗೆ.

ಶುರು ಮಾಡುವ ಮೊದಲು ಇನ್‌ಸೈಟ್ಸ್ ತೆರೆದು, ಕಳೆದ 30 ದಿನದಲ್ಲಿ ಫಾಲೋವರ್ಸ್ ಪೈಕಿ ಎಷ್ಟು ಖಾತೆಗಳಿಗೆ ತಲುಪಿದೆ ಅಂತ ಬರೆದಿಡಿ. ಫಾಲೋವರ್ಸ್ ಅಲ್ಲದವರ ಲೆಕ್ಕ ಬೇರೆ, ಅದು ರೀಲ್ಸ್ ಓಡಿದ ಹಾಗೆ ಏರಿಳಿಯುತ್ತದೆ. ಮೂರ್ನಾಲ್ಕು ಸಾವಿರ ತೆಗೆದ ಮೇಲೆ ಮತ್ತೆ ನೋಡಿ. ಪೋಸ್ಟು ಮುಂಚಿನಷ್ಟೇ ಹಾಕುತ್ತಿದ್ದು, ಆ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಹೋದದ್ದು ಬಾಟು. ಎದ್ದು ಕಾಣುವ ಹಾಗೆ ಇಳಿದಿದ್ದರೆ ನಿಲ್ಲಿಸಿ, ಗುಂಪನ್ನು ಮತ್ತೆ ಪರೀಕ್ಷಿಸಿ.

ಇನ್ನೊಂದು ವಿಚಿತ್ರ ಕಾಣಬಹುದು. ನೀವು ಮುನ್ನೂರು ತೆಗೆದರೆ ಮರುದಿನ ಮುನ್ನೂರು ಹೊಸದು ಬಂದು ಕೂತಿರುತ್ತದೆ. ಮಾರಿದವನು ರೀಫಿಲ್ ಗ್ಯಾರಂಟಿ ಕೊಟ್ಟಿರುತ್ತಾನೆ, ಕಡಿಮೆಯಾದಷ್ಟು ತುಂಬಿಸಿಕೊಡುವ ಕರಾರು, ಬಹಳ ಕಡೆ ಮೂವತ್ತು ದಿನದ್ದು. ಆ ಹುಡುಗನಿಗೆ ಫೋನ್ ಮಾಡಿ ಯಾವತ್ತು ಕೊಂಡಿದ್ದು, ಎಷ್ಟು ದಿನದ ಗ್ಯಾರಂಟಿ ಅಂತ ಕೇಳಿ. ಅದು ಮುಗಿಯುವವರೆಗೆ ಪಟ್ಟಿ ಮಾಡಿಟ್ಟುಕೊಳ್ಳಿ, ಆಮೇಲೆ ಕೈ ಹಾಕಿ.

ನಮಸ್ಕಾರ.