‘ತಾಂತ್ರಿಕ ಕಾರಣಗಳಿಂದ ತಡವಾಯಿತು’ ಎಂಬ ಸಾಲಿನ ಬಗ್ಗೆ

ನಮಸ್ಕಾರ. ದಾವಣಗೆರೆಯ ಕಡೆ ಕಿರುಚಿತ್ರ ಮಾಡಿ ಕಾಲೇಜಿಗೆ ಪ್ರಾಜೆಕ್ಟ್ ಫೈಲು ಒಪ್ಪಿಸುವ ವಿದ್ಯಾರ್ಥಿ ನಿರ್ಮಾಪಕರೊಡನೆ ಇವತ್ತು ಸ್ವಲ್ಪ ಜಗಳವಾಡುವ ಮನಸ್ಸಾಗಿದೆ. ಅಂಥ ಫೈಲುಗಳನ್ನು ಓದಿ ಅಂಕ ಕೊಡುವವರಲ್ಲಿ ನಾನೂ ಒಬ್ಬ. ಚಿತ್ರೀಕರಣದ ದಿನವಹಿ ವರದಿಯಲ್ಲಿ ನನಗೆ ಅತಿ ಹೆಚ್ಚು ಸಿಗುವ ಸಾಲು ಒಂದೇ: ‘ತಾಂತ್ರಿಕ ಕಾರಣಗಳಿಂದ ತಡವಾಯಿತು.’ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆ ಸಾಲು ಬರೆದವರಿಗೂ ಏನೂ ಹೇಳುವುದಿಲ್ಲ, ಓದುವ ನನಗೂ ಹೇಳುವುದಿಲ್ಲ.

ಒಂದು ದಿನವನ್ನು ಕಲ್ಪಿಸಿಕೊಳ್ಳೋಣ. ನಮ್ಮೂರಿನ ಒಂದು ಮಂಡಕ್ಕಿ ಭಟ್ಟಿಯಲ್ಲಿ ಚಿತ್ರೀಕರಣ. ತಂಡ ಸೇರಬೇಕಾದ ಸಮಯ ಬೆಳಿಗ್ಗೆ 5:30, ಮೊದಲ ಶಾಟ್ 6:15ಕ್ಕೆ ಎಂದು ಕಾಲ್‌ಶೀಟಿನಲ್ಲಿದೆ. ಮೊದಲ ಶಾಟ್ ನಿಜವಾಗಿ ತೆಗೆದದ್ದು 7:40ಕ್ಕೆ. 85 ನಿಮಿಷ ತಡ. ಈಗ ‘ತಾಂತ್ರಿಕ ಕಾರಣ’ವನ್ನು ಬಿಚ್ಚಿ ನೋಡಿ.

ಮೊದಲ 45 ನಿಮಿಷ ಹೋದದ್ದು ಮರಳಿನ ಕಾವಿಗೆ. ಭಟ್ಟಿಯಲ್ಲಿ ಅಕ್ಕಿ ಅರಳುವುದು ಕಾದ ಮರಳಿನಲ್ಲಿ. ಕಾವು ಹದಕ್ಕೆ ಬಂದ ಮೇಲೆ ‘ಸ್ವಲ್ಪ ನಿಲ್ಲಿಸಿ, ಲೈಟು ಇಡುತ್ತೇವೆ’ ಎಂದರೆ ಮಾಲೀಕರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಒಲೆಯ ಮೇಲಿದ್ದದ್ದನ್ನು ಹುರಿದು, ಜರಡಿ ಹಿಡಿದು ಮುಗಿಸುವವರೆಗೆ ತಂಡ ಹೊರಗೆ ನಿಂತಿತು. ಇದರಲ್ಲಿ ತಂತ್ರಜ್ಞಾನ ಎಲ್ಲಿದೆ? ಸ್ಥಳ ನೋಡಲು ಹೋದ ದಿನ ‘ನಿಮ್ಮ ಕೆಲಸ ಎಷ್ಟು ಹೊತ್ತಿಗೆ ಶುರುವಾಗುತ್ತದೆ, ನಡುವೆ ಯಾವಾಗ ಬಿಡುವಿರುತ್ತದೆ’ ಎಂದು ಕೇಳಿರಲಿಲ್ಲ, ಅಷ್ಟೇ. ಅದು ನಿರ್ಮಾಪಕರ ಕಡೆಯ ಲೋಪ.

ಮುಂದಿನ 15 ನಿಮಿಷ ಟ್ಯೂಬ್‌ಲೈಟಿಗೆ ಹೋಯಿತು. ಮಾನಿಟರಿನಲ್ಲಿ ಕಪ್ಪು ಪಟ್ಟೆಗಳು ಮೇಲಿಂದ ಕೆಳಕ್ಕೆ ಹರಿಯುತ್ತಿದ್ದವು. ನಮ್ಮ ವಿದ್ಯುತ್ 50 ಹರ್ಟ್ಜ್‌ನದು. ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ಹಿಂದಿನ ಚಿತ್ರೀಕರಣದಿಂದಲೋ ಏನೋ ಕ್ಯಾಮೆರಾದ ಶಟರ್ 1/60ರಲ್ಲಿ ಉಳಿದಿತ್ತು. 1/50ಕ್ಕೆ ತಂದರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಏರಿಳಿತ ಸಿಗುತ್ತದೆ, ಪಟ್ಟೆ ಮಾಯವಾಗುತ್ತದೆ. ಇದು ನಿಜವಾದ ತಾಂತ್ರಿಕ ಕಾರಣ. ವರದಿಯಲ್ಲಿ ಒಂದೇ ವಾಕ್ಯ ಸಾಕು: ‘ಶಟರ್ 1/60 ಇದ್ದುದರಿಂದ ಪಟ್ಟೆ, 1/50ಕ್ಕೆ ಬದಲಾವಣೆ, 15 ನಿಮಿಷ.’

ಉಳಿದ 25 ನಿಮಿಷ ಒಲೆಗೆ ಗಾಳಿ ಊದುವ ಬ್ಲೋವರಿನ ಸದ್ದಿನೊಂದಿಗೆ ಗುದ್ದಾಟ. ಮೈಕನ್ನು ನಟಿಯ ಸೆರಗಿನೊಳಗೆ ಸಿಕ್ಕಿಸಿ ನೋಡಿದರು, ಬೂಮ್ ಹತ್ತಿರ ತಂದು ನೋಡಿದರು. ಮಾತು ಕೇಳಿಸಲಿಲ್ಲ.

ಒಂದು ತಡದಲ್ಲಿ ಮೂರು ಕಾರಣಗಳಿದ್ದವು. ಒಂದು ಯೋಜನೆಯದು, ಒಂದು ಉಪಕರಣದ್ದು, ಒಂದು ಸ್ಥಳದ್ದು. ಮೂರನ್ನೂ ಒಂದೇ ಪದದಲ್ಲಿ ಮುಚ್ಚಿದರೆ ನಾಳೆಯ ಕಾಲ್‌ಶೀಟಿನಲ್ಲಿ ಯಾವುದನ್ನು ತಿದ್ದಬೇಕು ಎಂದು ನಿಮಗೇ ತಿಳಿಯುವುದಿಲ್ಲ.

ಇನ್ನು ಕೆಲಸ ಎಷ್ಟಾಯಿತು ಎಂಬ ಲೆಕ್ಕ. ಚಿತ್ರಕಥೆಯ ಒಂದು ಪುಟವನ್ನು ಎಂಟು ಭಾಗ ಮಾಡಿ ಎಣಿಸುವ ಪದ್ಧತಿ ನಿಮಗೆ ಗೊತ್ತು. ಒಂದು ಪುಟವೆಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. ಆ ದಿನಕ್ಕೆ ಮೂರು ದೃಶ್ಯಗಳಿದ್ದವು ಎನ್ನೋಣ: ನಾಲ್ಕನೆಯದು 1 2/8 ಪುಟ, ಏಳನೆಯದು 6/8, ಒಂಬತ್ತನೆಯದು 6/8. ಮೊದಲೆರಡು ಮುಗಿದವು. ಒಂಬತ್ತನೆಯದರಲ್ಲಿ 2/8 ಮಾತ್ರ ಆಯಿತು. ‘ಮೂರೂ ದೃಶ್ಯ ಬಹುತೇಕ ಮುಗಿದವು’ ಎಂದು ಬರೆಯುವವರಿದ್ದಾರೆ. ಆ ‘ಬಹುತೇಕ’ದೊಳಗೆ 4/8 ಪುಟ ಅಡಗಿ ಕೂತಿದೆ. ಸಂಕಲನಕ್ಕೆ ಕೂತ ದಿನ ಅದು ಎದ್ದು ಬರುತ್ತದೆ; ಅಷ್ಟರಲ್ಲಿ ಭಟ್ಟಿಯವರ ಅನುಮತಿಯೂ ಮುಗಿದಿರುತ್ತದೆ, ನಟಿಯೂ ಊರಿಗೆ ಹೋಗಿರುತ್ತಾರೆ.

ವರದಿಗೂ ಅದರ ಜೊತೆ ಫೈಲಿನಲ್ಲಿ ಒಪ್ಪಿಸುವ ನಿಮ್ಮ ದಿನಚರಿಗೂ ಇರುವ ವ್ಯತ್ಯಾಸ ಇದೇ ಒಂಬತ್ತನೆಯ ದೃಶ್ಯದಲ್ಲಿ ಸಿಗುತ್ತದೆ. ವರದಿ ಹೇಳುವುದು ಇಷ್ಟು: ‘ದೃಶ್ಯ 9, 2/8 ಪುಟ, ಧ್ವನಿ ಬಳಕೆಗೆ ಯೋಗ್ಯವಲ್ಲ, ಸಂಭಾಷಣೆಯನ್ನು ವೈಲ್ಡ್ ಟ್ರ್ಯಾಕ್ ಆಗಿ ಪಕ್ಕದ ಕೋಣೆಯಲ್ಲಿ ದಾಖಲಿಸಲಾಗಿದೆ.’ ಗಡಿಯಾರ, ಅಂಕಿ, ಫಲಿತಾಂಶ. ಏಕೆ ಹಾಗೆ ಮಾಡಿದಿರಿ ಎಂಬುದು ದಿನಚರಿಗೆ ಸೇರಿದ್ದು. ಬ್ಲೋವರ್ ಆರಿಸಿ ಎಂದು ಮಾಲೀಕರನ್ನು ಕೇಳಬಹುದಿತ್ತು. ಕೇಳಿದ್ದರೆ ಒಲೆಯ ಉರಿ ಇಳಿದು ಅವರಿಗೆ ನಷ್ಟ, ಅದನ್ನು ತುಂಬಿಕೊಡಲು ನಿಮ್ಮ ಬಜೆಟ್ಟಿನಲ್ಲಿ ಹಣವಿಲ್ಲ. ದೃಶ್ಯವನ್ನು ಹೊರಗಿನ ಅಂಗಳಕ್ಕೆ ಸಾಗಿಸಬಹುದಿತ್ತು. ನಿರ್ದೇಶಕಿ ಹೊಗೆಯ ಬೆಳಕು ಬೇಕೇ ಬೇಕು ಎಂದರು. ಕೊನೆಗೆ ಚಿತ್ರ ಒಳಗೆ, ಧ್ವನಿ ಆಮೇಲೆ ಎಂದು ತೀರ್ಮಾನಿಸಿದಿರಿ. ತುಟಿಗೆ ಮಾತು ಹೊಂದಿಸಲು ಅರ್ಧ ದಿನ ಹಿಡಿಯಬಹುದು ಎಂದು ಅಂದಾಜಿಸಿದಿರಿ. ಇವೆಲ್ಲ ದಿನಚರಿಯಲ್ಲಿದ್ದರೆ ನನಗೆ ನಿರ್ಮಾಪಕರು ಕಾಣುತ್ತಾರೆ. ‘ಇಂದಿನ ಅನುಭವ ಅವಿಸ್ಮರಣೀಯ, ತಂಡದವರೆಲ್ಲ ಒಗ್ಗಟ್ಟಿನಿಂದ ದುಡಿದರು’ ಎಂದಿದ್ದರೆ ಬೀಳ್ಕೊಡುಗೆ ಸಮಾರಂಭದ ಭಾಷಣ ಓದಿದಂತಾಗುತ್ತದೆ.

ಒಪ್ಪಿಸುವ ಹಿಂದಿನ ರಾತ್ರಿ ಕೂತು ಎಲ್ಲ ದಿನಗಳ ದಿನಚರಿ ಬರೆಯುವವರಿಗೆ ಒಂದು ಮಾತು. ಅದು ನಮಗೆ ತಿಳಿಯುತ್ತದೆ. ಸಮಯಗಳೆಲ್ಲ ಆರು ಗಂಟೆ, ಆರೂವರೆ ಎಂದು ದುಂಡಗಿರುತ್ತವೆ. ಅದಕ್ಕಿಂತ ದೊಡ್ಡ ಸುಳಿವು ಎಂದರೆ, ಆ ದಿನಚರಿಯಲ್ಲಿ ಒಂದೂ ತಪ್ಪು ಅಂದಾಜು ಇರುವುದಿಲ್ಲ. ಅದೇ ದಿನ ಬರೆದವರು ‘ಡಬ್ಬಿಂಗ್ ಅರ್ಧ ದಿನದಲ್ಲಿ ಮುಗಿಯುತ್ತದೆ’ ಎಂದು ಬರೆದಿರುತ್ತಾರೆ. ಆಮೇಲೆ ಎರಡು ದಿನ ಹಿಡಿದಿರುತ್ತದೆ. ಆ ತಪ್ಪು ಅಂದಾಜನ್ನು ಅಳಿಸಬೇಡಿ. ಕೆಳಗೆ ಹೊಸ ತಾರೀಖು ಹಾಕಿ ‘ಎರಡು ದಿನ ಬೇಕಾಯಿತು, ಕಾರಣ ಇದು’ ಎಂದು ಸೇರಿಸಿ.

ಅನುಮಾನ ಬಂದರೆ ಫೂಟೇಜಿನ ಫೈಲುಗಳನ್ನು ತೆರೆದು ನೋಡುತ್ತೇವೆ. ಪ್ರತಿ ಕ್ಲಿಪ್ಪಿನಲ್ಲೂ ದಾಖಲಾದ ಸಮಯವಿರುತ್ತದೆ. ವರದಿ 6:15 ಎನ್ನುತ್ತದೆ, ಮೊದಲ ಕ್ಲಿಪ್ 7:40 ಎನ್ನುತ್ತದೆ. ಆದರೆ ಕ್ಯಾಮೆರಾದ ಗಡಿಯಾರವೂ ಸುಳ್ಳು ಹೇಳಬಹುದು. ಒಳಗಿನ ಪುಟ್ಟ ಬ್ಯಾಟರಿ ಸತ್ತರೆ ತಾರೀಖು ಹಿಂದಕ್ಕೆ ಹೋಗುತ್ತದೆ. ಬೆಳಿಗ್ಗೆ, ಸಂಜೆ ಅದಲುಬದಲಾದರೆ ಹನ್ನೆರಡು ಗಂಟೆ ವ್ಯತ್ಯಾಸ ಬೀಳುತ್ತದೆ. ಆದ್ದರಿಂದ ದಿನದ ಮೊದಲ ಕ್ಲಿಪ್ ಆಗಿ ಮೊಬೈಲಿನ ಗಡಿಯಾರವನ್ನೇ ಚಿತ್ರಿಸಿ. ಐದು ಸೆಕೆಂಡಿನ ಕೆಲಸ. ವ್ಯತ್ಯಾಸ ಎಷ್ಟಿದೆ ಎಂದು ವರದಿಯಲ್ಲಿ ಗುರುತು ಹಾಕಿದರೆ ಯಾರೂ ನಿಮ್ಮನ್ನು ಅನುಮಾನಿಸುವುದಿಲ್ಲ.

ಆಟೋ ಬಾಡಿಗೆಯಂಥ ಬಿಲ್ಲಿಲ್ಲದ ಖರ್ಚಿಗೆ ವೋಚರ್ ಬರೆದು ಹಣ ಪಡೆದವರ ಸಹಿ ಹಾಕಿಸಿ. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಈಗ ನನ್ನ ಸಹೋದ್ಯೋಗಿಗಳ ಕಡೆಗೆ ತಿರುಗುತ್ತೇನೆ. ವಿದ್ಯಾರ್ಥಿಗಳು ಸುಳ್ಳು ಬರೆಯುವುದನ್ನು ಅರ್ಧದಷ್ಟು ಕಲಿಸಿದವರು ನಾವೇ. ‘85 ನಿಮಿಷ ತಡ’ ಎಂದು ಓದಿದ ಕೂಡಲೇ ‘ಯೋಜನೆ ಸಾಲದು’ ಎಂದು ಕೆಂಪು ಶಾಯಿಯಲ್ಲಿ ಬರೆದು ಎರಡು ಅಂಕ ಕಡಿದರೆ, ಮುಂದಿನ ತಂಡ 6:15 ಎಂದೇ ಬರೆಯುತ್ತದೆ. ತಡಕ್ಕೆ ಅಂಕ ಕಡಿಯಬಾರದು ಎಂಬುದು ನನ್ನ ವಾದ. ಕಾರಣ ಬಿಡಿಸಿ ಬರೆಯದಿದ್ದರೆ ಕಡಿಯಿರಿ, ಕಾರಣ ಗೊತ್ತಿದ್ದೂ ಮರುದಿನ ಅದೇ ತಡ ಮತ್ತೆ ಬಂದರೆ ಇನ್ನೂ ಕಡಿಯಿರಿ. ನಾನು ಫೈಲಿನಲ್ಲಿ ಹುಡುಕುವುದು ಆ 4/8 ಪುಟ ಮರುದಿನದ ಕಾಲ್‌ಶೀಟಿಗೆ ಬಂದಿದೆಯೇ, ಭಟ್ಟಿಯವರ ಬಿಡುವಿನ ಸಮಯವನ್ನು ಕೇಳಿಕೊಂಡು ಮೊದಲ ಶಾಟಿನ ಹೊತ್ತನ್ನು ಬದಲಿಸಿದ್ದಾರೆಯೇ ಎಂದು. ಬದಲಿಸಿದ್ದರೆ ಹಿಂದಿನ ದಿನದ 85 ನಿಮಿಷಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.