ಕೋಲಾರಕ್ಕೆ 15 ಬೈಟು

ಕೋಲಾರದ ಯಾವುದೋ ಡಿಗ್ರಿ ಕಾಲೇಜು ಅಂದ್ಕೊಳ್ಳಿ. ಹುಡುಗಿಯೊಬ್ಬಳು ಊರಿನ ಕೆರೆ ಬಗ್ಗೆ ಕನ್ನಡದಲ್ಲಿ ಪ್ರಬಂಧ ಬರೆದು ಕೊಡ್ತಾಳೆ. ಮೇಷ್ಟ್ರು ಅದನ್ನ AI ಬರಹ ಹಿಡಿಯೋ ಡಿಟೆಕ್ಟರ್‌ಗೆ ಹಾಕ್ತಾರೆ. ಪರ್‌ಪ್ಲೆಕ್ಸಿಟಿ ಕಡಿಮೆ ಇದೆ, ಇದು ಮಷಿನ್ ಬರೆದದ್ದು ಅಂತ ಬರುತ್ತೆ. ಪರ್‌ಪ್ಲೆಕ್ಸಿಟಿ ಅಂದ್ರೆ ಮುಂದಿನ ತುಣುಕು ಊಹಿಸೋದು ಭಾಷಾ ಮಾಡೆಲ್‌ಗೆ ಎಷ್ಟು ಕಷ್ಟ ಅನ್ನೋದರ ಅಳತೆ. ಆ ನಂಬರ್ ನೋಡಿ ಮಾರ್ಕ್ಸ್ ಕಳೆಯೋದು ತಪ್ಪು ಅಂತೀನಿ ನಾನು. ಯಾಕೆ ಅಂತ ಒಂದೇ ಪದದಲ್ಲಿ ನೋಡೋಣ.

```python
s = "ಕೋಲಾರ"
print(len(s), len(s.encode("utf-8")))  # 5 15
```

ಕಣ್ಣಿಗೆ ಕಾಣೋದು ಮೂರೇ ಅಕ್ಷರ. ಯೂನಿಕೋಡ್‌ನಲ್ಲಿ ಕ, ಓತ್ವ, ಲ, ದೀರ್ಘ, ರ ಅಂತ ಐದು ಚಿಹ್ನೆ. ಒಂದೊಂದಕ್ಕೂ ಮೂರು ಬೈಟು. ಇಂಗ್ಲಿಷಿನ Kolar ಐದೇ ಬೈಟಿನಲ್ಲಿ ಮುಗಿಯುತ್ತೆ. 2019ರ GPT-2 ತರದ, ಇಂಗ್ಲಿಷ್ ಓದಿಯೇ ಬೆಳೆದ, ಬರಹವನ್ನ ಟೋಕನ್ ಅನ್ನೋ ತುಣುಕುಗಳಾಗಿ ಕತ್ತರಿಸೋ ಟೋಕನೈಸರ್ ಕನ್ನಡದ ಒಂದೇ ಚಿಹ್ನೆಯನ್ನೂ ಬೈಟಿನ ಮಟ್ಟಕ್ಕೆ ಒಡೆದುಬಿಡುತ್ತೆ.

ಈಗ ಆ ಮೂರು ಬೈಟು ನೋಡಿ. ಮೊದಲನೆಯದು ಯಾವಾಗಲೂ E0. ಎರಡನೆಯದು B2, ಇಲ್ಲಾ B3. ನಿಜವಾದ ಗುಟ್ಟೆಲ್ಲ ಮೂರನೆಯದರಲ್ಲಿ. ಕೋಲಾರ ಜಿಲ್ಲೆಯ ಪಿನ್‌ಕೋಡ್ ಊಹಿಸಿ ಅಂದ ಹಾಗೆ ಇದು: 563 ಅಂತ ಮೊದಲ ಮೂರಂಕಿ ಯಾರು ಬೇಕಾದ್ರೂ ಹೇಳ್ತಾರೆ. ಅದಕ್ಕೂ ಮಾರ್ಕ್ಸ್ ಕೊಟ್ರೆ ಎಲ್ಲರೂ ಪಾಸೇ.

ಪರ್‌ಪ್ಲೆಕ್ಸಿಟಿ ಮಾಡೋದು ಅದನ್ನೇ, ಯಾಕಂದ್ರೆ ಅದರ ಸರಾಸರಿ ಟೋಕನ್ ಲೆಕ್ಕದ್ದು. ಒಂದು ಚಿಹ್ನೆ ಊಹಿಸೋದು ಮಾಡೆಲ್‌ಗೆ 4 ಬಿಟ್‌ನಷ್ಟು ಕಷ್ಟ ಅಂತಿಟ್ಕೊಳ್ಳಿ. ಅದು ಒಂದೇ ಟೋಕನ್ ಆಗಿದ್ರೆ ಪರ್‌ಪ್ಲೆಕ್ಸಿಟಿ 2ರ ಘಾತ 4, ಅಂದ್ರೆ 16. ಮೂರು ಟೋಕನ್ ಆದ್ರೆ ಅದೇ 4 ಬಿಟ್ ಮೂರಕ್ಕೆ ಹಂಚಿಹೋಗಿ ಸುಮಾರು 2.5ಕ್ಕೆ ಇಳಿಯುತ್ತೆ. ಬರಹ ಅದೇ, ಮಾಡೆಲ್‌ನ ತಿಳುವಳಿಕೆಯೂ ಅಷ್ಟೇ. ಇಂಗ್ಲಿಷಿಗೆ ಗೆರೆಯನ್ನ 10ಕ್ಕೆ ಎಳೆದಿದ್ರೆ ಹುಡುಗಿ ಗೆರೆಯ ಕೆಳಗೆ!

ಇನ್ನೊಂದು ಕಿತಾಪತಿ ಇದೆ. 'ಕೋ'ದ ಓತ್ವ ಒಂದೇ ಚಿಹ್ನೆಯಾಗಿಯೂ ಇರಬಹುದು, ಬಿಡಿಸಿ ಮೂರಾಗಿಯೂ ಇರಬಹುದು. ಸ್ಕ್ರೀನ್ ಮೇಲೆ ಎರಡೂ ಒಂದೇ ತರ ಕಾಣುತ್ತೆ, ಆದ್ರೆ ಬಿಡಿಸಿದ 'ಕೋಲಾರ' 21 ಬೈಟು. ಆ ರೂಪ ಅಪರೂಪಕ್ಕೆ ನೋಡಿರೋ ಮಾಡೆಲ್ ಅಲ್ಲಿ ಬೆಚ್ಚಿಬೀಳುತ್ತೆ, ನಂಬರ್ ಮೇಲಕ್ಕೆ ಹಾರುತ್ತೆ. ಅದಕ್ಕೇ ಮೊದಲು `s = unicodedata.normalize("NFC", s)` ಓಡಿಸಿ, ಬಿಡಿಸಿದ್ದು ಮತ್ತೆ ಒಂದೇ ಚಿಹ್ನೆಯಾಗುತ್ತೆ.

ಆಮೇಲೆ ಟೋಕನ್‌ಗಳ ನೆಗೆಟಿವ್ ಲಾಗ್ ಪ್ರಾಬಬಿಲಿಟಿ ಎಲ್ಲ ಕೂಡಿ, ಟೋಕನ್ ಸಂಖ್ಯೆಯ ಬದಲು `len(s)`ನಿಂದ ಭಾಗಿಸಿ. ಬೈಟಿನಿಂದ ಭಾಗಿಸಿ ಇಂಗ್ಲಿಷ್ ಪಕ್ಕ ಇಟ್ರೆ ಮತ್ತೆ ಅದೇ ಮೂರು ಪಟ್ಟಿನ ಮೋಸ. ಗೆರೆಯನ್ನೂ ಕನ್ನಡದ್ದೇ ಬರಹಗಳಿಂದ, ಅದೂ ಅದೇ ಬಗೆಯವುಗಳಿಂದ ಎಳೀಬೇಕು: ಪ್ರಬಂಧಕ್ಕೆ ಮನುಷ್ಯರು ಬರೆದ ಪ್ರಬಂಧ, ರಜಾ ಅರ್ಜಿಗೆ ರಜಾ ಅರ್ಜಿ. 'ಈ ಮೂಲಕ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ' ಅನ್ನೋದನ್ನ ಯಾರೇ ಬರೆದ್ರೂ ಪರ್‌ಪ್ಲೆಕ್ಸಿಟಿ ಕಡಿಮೆನೇ.