ಪಟ್ಟಿ ಕಟ್ಟುವ ಮುಂಚೆ ಹೆಬ್ಬೆರಳಿಟ್ಟು ನೋಡಿ

(ಶಿವಮೊಗ್ಗದಲ್ಲಿ, ಅಡಿಕೆ ಸುಲಿತ ಮುಗಿದ ಹೊತ್ತಿನಲ್ಲಿ ನಡೆದ ಆರೋಗ್ಯ ಉಪನ್ಯಾಸದ ಪಠ್ಯ)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರು ಸ್ವಲ್ಪ ಮುಂದೆ ಬನ್ನಿ, ಇವತ್ತು ನಿಮ್ಮ ಕೈಗೂ ಕೆಲಸ ಇದೆ.

ಮೊಣಕೈಯ ಹೊರಬದಿ ನೋವಿನ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಸುಲಿತದ ದಿನ ಮುಗಿದರೆ ಈ ಸಭೆಯಲ್ಲೇ ಎಷ್ಟು ಜನರ ಮೊಣಕೈಗೆ ಕಪ್ಪು ಪಟ್ಟಿ ಬಂದಿದೆ ನೋಡಿ. ಮೆಡಿಕಲ್ ಶಾಪಿಗೆ ಹೋಗುವುದು, ‘ಟೆನಿಸ್ ಎಲ್ಬೋ’ ಪಟ್ಟಿ ಕೊಡಿ ಎನ್ನುವುದು, ಬಿಗಿಯಾಗಿ ಎಳೆದು ಕಟ್ಟುವುದು. ಕೆಲವರಿಗೆ ಅದರಿಂದ ಹಿತವಾಗುತ್ತದೆ. ಕೆಲವರಿಗೆ ಎರಡು ವಾರದಲ್ಲಿ ನೋವು ಕೆಳಗಿಳಿದು, ರಾತ್ರಿ ನಿದ್ದೆ ಕೆಡಿಸುತ್ತದೆ. ಒಂದೇ ಪಟ್ಟಿ, ಒಂದೇ ಜಾಗ, ಎರಡು ಫಲ ಯಾಕೆ? ಇವತ್ತು ನಾನು ಹೇಳುವುದು ಅಷ್ಟೇ.

ಮೊದಲು ಕೆಟಲ್‌. ಒಂದೂವರೆ ಲೀಟರ್ ನೀರು ತುಂಬಿದ ಕರೆಂಟ್ ಕೆಟಲ್ ತನ್ನ ಭಾರವೂ ಸೇರಿ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಸೌತೆಕಾಯಿ ಚೀಲಕ್ಕೆ ಹೋಲಿಸಿದರೆ ಏನೂ ಅಲ್ಲ. ಹಾಗಾದರೆ ಅದನ್ನು ಎತ್ತಿದಾಗಲೇ ಯಾಕೆ ಮೊಣಕೈ ಚುಚ್ಚುತ್ತದೆ? ಈಗ ಎಲ್ಲರೂ ಬಲಗೈ ಮುಷ್ಟಿ ಗಟ್ಟಿಯಾಗಿ ಹಿಡಿಯಿರಿ. ಎಡಗೈಯನ್ನು ಬಲ ಮುಂಗೈಯ ಮೇಲ್ಭಾಗದಲ್ಲಿ, ಮೊಣಕೈ ಹತ್ತಿರ ಇಡಿ. ಒಳಗೆ ಗಟ್ಟಿಯಾಯಿತಲ್ಲ? ಬೆರಳು ಮಡಚುವ ಸ್ನಾಯುಗಳು ಮುಂಗೈಯ ಒಳಬದಿಯಲ್ಲಿವೆ. ಅವು ಎಳೆದಾಗ ಮಣಿಕಟ್ಟೂ ಕೆಳಗೆ ಬಾಗಬೇಕು. ಅದು ಬಾಗದಂತೆ ಹಿಡಿದುಕೊಳ್ಳುವುದು ಹೊರಬದಿಯ ಸ್ನಾಯುಗಳ ಕೆಲಸ. ಅಂದರೆ ನೀವು ಏನನ್ನು ಹಿಡಿದರೂ ಹೊರಬದಿ ದುಡಿಯುತ್ತಲೇ ಇರುತ್ತದೆ. ಈ ಸ್ನಾಯುಗಳು ಮೊಣಕೈಯ ಹೊರಗಡೆ ಇರುವ ಎಲುಬಿನ ಗುಬುಟಕ್ಕೆ ಒಂದೇ ಕಡೆ ಅಂಟಿಕೊಳ್ಳುತ್ತವೆ. ಆ ಅಂಟುವ ಗಟ್ಟಿ ನಾರಿಗೆ ಟೆಂಡನ್ ಎಂದು ಹೆಸರು. ಕೈ ಚಾಚಿ, ಅಂಗೈ ಕೆಳಗೆ ಮಾಡಿ ಹಿಡಿದಾಗ ಆ ಜಾಗಕ್ಕೆ ಬೀಳುವ ಎಳೆತ ಅತಿ ಹೆಚ್ಚು. ಒಲೆಯ ಆಚೆಯಿಂದ ಕೆಟಲ್ ಎತ್ತಿ ಲೋಟಕ್ಕೆ ಬಗ್ಗಿಸುವುದು ನಿಖರವಾಗಿ ಈ ಭಂಗಿ.

ಹೆಸರಿನಲ್ಲಿ ಟೆನಿಸ್ ಇದೆ ಅಂತ ಗಾಬರಿ ಬೇಡ. 1873ರಲ್ಲಿ ರುಂಗೆ ಎಂಬ ಜರ್ಮನ್ ವೈದ್ಯರು ಈ ನೋವನ್ನು ಮೊದಲು ಬರೆದಿಟ್ಟಾಗ ಅವರ ಮುಂದೆ ಇದ್ದದ್ದು ಪೆನ್ನು ಹಿಡಿದು ಬರೆಯುವವರ ಕೈ! ಇಂಗ್ಲೆಂಡಿನಲ್ಲಿ ಲಾನ್ ಟೆನಿಸ್ ಆಡುವವರ ಕೈ ಎಂದು ಹೆಸರು ಬಂದದ್ದು ಹತ್ತು ವರ್ಷದ ಹತ್ತಿರ ಹತ್ತಿರ ಕಳೆದ ಮೇಲೆ, 1880ರ ದಶಕದಲ್ಲಿ. ಆಟಗಾರರದ್ದು ಸದ್ದು ಮಾಡುವ ಮೊಣಕೈ, ಗುಮಾಸ್ತರದ್ದು ಸುಮ್ಮನಿರುವ ಮೊಣಕೈ. ಹೆಸರು ಆಟಗಾರರಿಗೆ ಹೋಯಿತು. ಆಗ ಮಲೆನಾಡಿನವರು ಯಾರಾದರೂ ಬರೆದಿದ್ದರೆ ಇದು ‘ಮೆಟ್ಟುಗತ್ತಿ ಮೊಣಕೈ’ ಎಂದೇ ಪಠ್ಯಪುಸ್ತಕದಲ್ಲಿ ಇರುತ್ತಿತ್ತೇನೋ. ನಗಬೇಡಿ, ಸುಲಿತದಲ್ಲಿ ನೀವು ಮಾಡುವುದು ಏನು? ಕಾಯನ್ನು ಕತ್ತಿಗೆ ಒತ್ತಿ, ಹಿಡಿದು, ತಿರುವುವುದು. ಹಿಡಿತ, ತಿರುವು, ಹಿಡಿತ, ತಿರುವು. ಇಡೀ ದಿನ, ವಾರಗಟ್ಟಲೆ. ಈ ತಿರುವು ಎನ್ನುವುದನ್ನು ನೆನಪಿಡಿ, ಯಾಕೆಂದರೆ ನಮ್ಮ ಎರಡನೆಯ ಅಪರಾಧಿ ಅಲ್ಲೇ ಅಡಗಿದ್ದಾನೆ.

ಮುಂಗೈಯಲ್ಲಿ ರೇಡಿಯಲ್ ನರ ಎಂಬುದೊಂದಿದೆ. ಮೊಣಕೈಯ ಮುಂದೆ ಅದು ಎರಡಾಗುತ್ತದೆ. ಒಂದು ಕವಲು ಚರ್ಮದ ಸ್ಪರ್ಶಕ್ಕೆ, ಹೆಬ್ಬೆರಳಿನ ಹಿಂಬದಿಗೆ ಹೋಗುತ್ತದೆ. ಇನ್ನೊಂದು ಆಳದ ಕವಲು ಬೆರಳು ನೆಟ್ಟಗೆ ಮಾಡುವ ಸ್ನಾಯುಗಳಿಗೆ ಹೋಗುತ್ತದೆ. ಈ ಆಳದ ಕವಲು ದಾರಿಯಲ್ಲಿ ಸುಪೈನೇಟರ್ ಎಂಬ ಸ್ನಾಯುವಿನ ಕೆಳಗೆ ನುಗ್ಗಬೇಕು. ಅಂಗೈಯನ್ನು ಮೇಲೆ ತಿರುಗಿಸುವ ಸ್ನಾಯು ಅದು. ಅದರ ಅಂಚು ಕಮಾನಿನ ಆಕಾರದಲ್ಲಿದೆ, ಕೆಲವರಲ್ಲಿ ಆ ಅಂಚು ಗಟ್ಟಿ ನಾರಿನದು. ಫ್ರೋಝೆ ಕಮಾನು ಎಂದು ಅದರ ಹೆಸರು. ಗುಬುಟದಿಂದ ಮಣಿಕಟ್ಟಿನ ಕಡೆಗೆ 4ರಿಂದ 5 ಸೆಂಟಿಮೀಟರ್ ಕೆಳಗೆ, ಹೆಬ್ಬೆರಳಿನ ಬದಿಯ ದಪ್ಪ ಸ್ನಾಯುವಿನಡಿ ಇದು ಸಿಗುತ್ತದೆ. ಪದೇ ಪದೇ ತಿರುವಿದಾಗ ಕಮಾನು ನರವನ್ನು ಅದುಮುತ್ತದೆ. ಬಟ್ಟೆ ಹಿಂಡುವುದು, ಸ್ಕ್ರೂಡ್ರೈವರ್, ಮತ್ತೆ ಅದೇ ಸುಲಿತ.

ಈಗ ಪಟ್ಟಿಯ ಒಗಟು ಬಿಡಿಸಿ. ಪಟ್ಟಿ ಕಟ್ಟುವ ಜಾಗ ಗುಬುಟಕ್ಕಿಂತ ಎರಡು ಮೂರು ಸೆಂಟಿಮೀಟರ್ ಕೆಳಗೆ. ಟೆಂಡನ್ ನೋವಿನವರಿಗೆ ಅದು ಎಳೆತವನ್ನು ಅರ್ಧ ದಾರಿಯಲ್ಲೇ ತಡೆಯುತ್ತದೆ. ನರ ಅದುಮಿದವರಿಗೆ? ಅದುಮುವ ಕಮಾನಿನ ಮೇಲೆಯೇ ಇನ್ನೊಂದು ಬಿಗಿ. ಅದಕ್ಕೇ ಹೇಳುವುದು, ಪಟ್ಟಿ ಕಟ್ಟುವ ಮುಂಚೆ ಹೆಬ್ಬೆರಳಿಟ್ಟು ನೋಡಿ.

ಹೇಗೆ? ಮೊಣಕೈ ಮಡಚಿ, ಮುಂಗೈಯನ್ನು ಮೇಜಿನ ಮೇಲಿಡಿ. ಮೊದಲು ಗುಬುಟದ ಮೇಲೆ, ಅದರ ತುಸು ಮುಂದೆ ಒತ್ತಿ. ನಂತರ ಹೆಬ್ಬೆರಳನ್ನು ಮೂರು ಬೆರಳಗಲ ಕೆಳಗೆ ಜಾರಿಸಿ, ದಪ್ಪ ಸ್ನಾಯುವಿನೊಳಕ್ಕೆ ಒತ್ತಿ. ಎರಡು ಜಾಗದಲ್ಲಿ ಯಾವುದು ಜೋರು? ಕೊನೆಗೆ ಎಡಗೈಯಲ್ಲೂ ಇದನ್ನೇ ಮಾಡಿ. ಇದನ್ನು ಬಿಡಬೇಡಿ. ಕೆಳಗಿನ ಜಾಗವನ್ನು ಒತ್ತಿದರೆ ಆರೋಗ್ಯವಂತರಿಗೂ ನೋಯುತ್ತದೆ. ನೋವು ಇದೆಯೋ ಇಲ್ಲವೋ ಎಂಬುದಲ್ಲ, ಆಚೆ ಕೈಗಿಂತ ಜಾಸ್ತಿಯೋ, ಅದು ‘ನನ್ನ ನೋವೇ’ ಎಂಬುದನ್ನು ನೋಡಬೇಕು.

ಇನ್ನೆರಡು ಪರೀಕ್ಷೆ. ಮೊಣಕೈ ನೆಟ್ಟಗೆ ಚಾಚಿ, ಅಂಗೈ ಕೆಳಗಿರಲಿ, ಮುಷ್ಟಿ ಹಿಡಿದು ಮಣಿಕಟ್ಟನ್ನು ಮೇಲೆತ್ತಿ. ಇನ್ನೊಂದು ಕೈಯಿಂದ ಅದನ್ನು ಕೆಳಗೆ ಒತ್ತಿ. ಗುಬುಟದಲ್ಲಿ ಚುಚ್ಚಿದರೆ ಟೆಂಡನ್ ಕಡೆ ಬೆರಳು ತೋರಿಸುತ್ತದೆ. ಎರಡನೆಯದು, ಮೊಣಕೈಯನ್ನು ಪಕ್ಕೆಗೆ ಒತ್ತಿ ಮಡಚಿ, ಹಸ್ತಲಾಘವದ ಭಂಗಿಯಲ್ಲಿಡಿ. ಅಂಗೈ ಮೇಲೆ ತಿರುಗಿಸಲು ಬಲ ಹಾಕಿ, ಇನ್ನೊಬ್ಬರು ತಡೆಯಲಿ. ಮುಂಗೈಯೊಳಗೆ ಆಳದ ನೋವು ಬಂದರೆ ನರದ ಮೇಲೆ ಅನುಮಾನ. ನಡುಬೆರಳನ್ನು ಮೇಲೆತ್ತಿಸಿ ಒತ್ತುವ ಪರೀಕ್ಷೆ ಎಲ್ಲ ಕಡೆ ಜನಪ್ರಿಯ, ಆದರೆ ಅದು ಎರಡರಲ್ಲೂ ನೋಯುತ್ತದೆ. ಯಾಕೆಂದರೆ ಗುಬುಟದಲ್ಲಿ ಹುಟ್ಟುವ ಮುಖ್ಯ ಸ್ನಾಯು ನಡುಬೆರಳಿನ ಬುಡದ ಎಲುಬಿಗೇ ಹೋಗಿ ಸೇರುತ್ತದೆ. ಅದೊಂದರಿಂದ ತೀರ್ಮಾನ ಬೇಡ.

ಕೇಳಿದರೂ ಸುಳಿವು ಸಿಗುತ್ತದೆ. ಟೆಂಡನ್ ನೋವು ಹಿಡಿದಾಗ, ಎತ್ತಿದಾಗ ಚುಚ್ಚುತ್ತದೆ. ನರದ ನೋವು ಕೆಲಸ ಮುಗಿದ ಮೇಲೂ, ರಾತ್ರಿಯಲ್ಲೂ ಮುಂಗೈಯೊಳಗೆ ನೋಯುತ್ತಲೇ ಇರುತ್ತದೆ. ಮರಗಟ್ಟುವಿಕೆ ಇಲ್ಲ ಅಂತ ನರ ಅಲ್ಲ ಎನ್ನಬೇಡಿ: ಆಳದ ಕವಲು ಚರ್ಮಕ್ಕೆ ಹೋಗುವುದೇ ಇಲ್ಲ. ಕರೆಂಟ್ ಕೊಟ್ಟು ನೋಡುವ ನರದ ಪರೀಕ್ಷೆಯೂ ಇಲ್ಲಿ ಬಹುಪಾಲು ಸರಿಯಾಗೇ ಬರುತ್ತದೆ. ಅದಕ್ಕೇ ಈ ರೋಗವೇ ಉಂಟೋ ಇಲ್ಲವೋ ಅಂತ ವೈದ್ಯರ ನಡುವೆ ಜಗಳ ಇನ್ನೂ ಇದೆ. ನನ್ನ ಮಟ್ಟಿಗೆ ಉಂಟು, ಆದರೆ ಟೆಂಡನ್ನಿನದೇ ಬಹಳ ಹೆಚ್ಚು. ಕೆಲವರಲ್ಲಿ ಎರಡೂ ಒಟ್ಟಿಗೇ ಇರುತ್ತವೆ.

ತೀರ್ಥಹಳ್ಳಿ ಕಡೆಯ ಒಬ್ಬ ಅಕ್ಕ ಎಂದಿಟ್ಟುಕೊಳ್ಳಿ, ವಯಸ್ಸು 45ರ ಆಸುಪಾಸು. ನವೆಂಬರ್‌ನಿಂದ ಸುಲಿತ, ಡಿಸೆಂಬರ್ ಕೊನೆಗೆ ಕೆಟಲ್ ಎತ್ತಲಾಗದ ನೋವು. ಪಟ್ಟಿ ತಂದು ಬೆಳಿಗ್ಗೆಯಿಂದ ರಾತ್ರಿಯವರೆಗೆ ಬಿಗಿದರು. ಗುಬುಟದ ನೋವು ಕಡಿಮೆ, ಆದರೆ ಮುಂಗೈ ರಾತ್ರಿ ಎಬ್ಬಿಸುತ್ತಿದೆ. ಹೆಬ್ಬೆರಳಿಟ್ಟು ನೋಡಿದರೆ ಗುಬುಟದಲ್ಲಿ ಅಲ್ಪ, ಮೂರು ಬೆರಳಗಲ ಕೆಳಗೆ ಜೋರು, ಆಚೆ ಕೈಯಲ್ಲಿ ಅಷ್ಟಿಲ್ಲ. ತಿರುಗಿಸುವಾಗ ತಡೆದರೆ ಅದೇ ನೋವು. ಬೆರಳು ಗಟ್ಟಿ, ಸ್ಪರ್ಶ ಸರಿ, ಕತ್ತು ತಿರುಗಿಸಿದರೆ ಕೈಗೆ ಏನೂ ಬರುವುದಿಲ್ಲ. ಅಂದರೆ ಹಳೆಯ ಟೆಂಡನ್ನಿನ ಮೇಲೆ ನರದ ಒತ್ತಡ ಸೇರಿಕೊಂಡಿದೆ. ಮಾಡಬೇಕಾದ್ದು: ಅವತ್ತೇ ಪಟ್ಟಿ ತೆಗೆಯುವುದು. ಆರು ವಾರ ಸುಲಿತ, ಬಟ್ಟೆ ಹಿಂಡುವುದು, ತಿರುವುವ ಕೆಲಸ ಬಂದ್. ಮಣಿಕಟ್ಟನ್ನು ತುಸು ಮೇಲೆ ಹಿಡಿಯುವ ಸ್ಪ್ಲಿಂಟ್, ರಾತ್ರಿ ಮತ್ತು ಕೆಲಸದ ಹೊತ್ತಿನಲ್ಲಿ. ರಾತ್ರಿ ನೋವು ನಿಂತ ಮೇಲೆ ಟೆಂಡನ್ನಿನ ವ್ಯಾಯಾಮಕ್ಕೆ ಇಳಿಯುವುದು. ಮೊದಲೇ ತೂಕ ಎತ್ತಿಸಿದರೆ ಅದುಮುವ ಸ್ನಾಯುವಿಗೇ ಕೆಲಸ ಕೊಟ್ಟಂತೆ.

ಟೆಂಡನ್ನಿಗೆ ಮಾತ್ರ ತೊಂದರೆ ಇದ್ದವರ ದಾರಿ ಬೇರೆ. ಅಲ್ಲಿ ಪೂರ್ತಿ ವಿಶ್ರಾಂತಿಯೇ ಕೇಡು, ಹದವಾದ ಭಾರವೇ ಮದ್ದು. ಅರ್ಧ ಲೀಟರ್ ನೀರಿನ ಬಾಟಲಿ ಸಾಕು. ಮುಂಗೈ ಮೇಜಿನ ಮೇಲೆ, ಅಂಗೈ ಕೆಳಗೆ, ಹಸ್ತ ಮೇಜಿನಂಚಿನಿಂದ ಹೊರಗೆ. ಮೊದಲ ವಾರಗಳಲ್ಲಿ ಬಾಟಲಿಯನ್ನು ನೇರವಾಗಿ ಹಿಡಿದು 30ರಿಂದ 45 ಸೆಕೆಂಡ್ ನಿಲ್ಲಿಸಿ, ಐದು ಸಲ. ಅದು ಸಲೀಸಾದ ಮೇಲೆ ಆಚೆ ಕೈಯ ಸಹಾಯದಿಂದ ಮೇಲೆತ್ತಿ, ಮೂರು ನಾಲ್ಕು ಸೆಕೆಂಡ್ ತೆಗೆದುಕೊಂಡು ನಿಧಾನವಾಗಿ ಇಳಿಸಿ. ಹದಿನೈದರ ಮೂರು ಸುತ್ತು, ದಿನಕ್ಕೊಮ್ಮೆ. ಹತ್ತಕ್ಕೆ ಮೂರು ನಾಲ್ಕರಷ್ಟು ನೋವು ಬರಬಹುದು, ಮರುದಿನ ಬೆಳಿಗ್ಗೆ ಹೆಚ್ಚಿರಬಾರದು. ಹೆಚ್ಚಿದ್ದರೆ ನೀರು ಕಡಿಮೆ ಮಾಡಿ. ಫಲ ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಎರಡು ವಾರಕ್ಕೆ ಬಿಡುವವರೇ ಹೆಚ್ಚು.

ಸಂಘಟಕರು ಗಡಿಯಾರ ತೋರಿಸುತ್ತಿದ್ದಾರೆ. ಆಯಿತು ಮಾರಾಯರೆ, ಬೇಗ ಹೇಳುತ್ತೇನೆ.

ಇಂಜೆಕ್ಷನ್: ಸ್ಟೆರಾಯ್ಡ್ ಕೊಟ್ಟರೆ ಆರು ವಾರ ಚೆನ್ನಾಗಿರುತ್ತದೆ. 2006ರಲ್ಲಿ ಬ್ರಿಸ್ಬೇನ್‌ನಲ್ಲಿ 198 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಒಂದು ವರ್ಷದ ಹೊತ್ತಿಗೆ ಇಂಜೆಕ್ಷನ್ ಪಡೆದವರು ಸುಮ್ಮನೆ ಕಾದವರಿಗಿಂತ ಹಿಂದೆ ಬಿದ್ದಿದ್ದರು. ನೋವು ಮರಳಿ ಬರುವುದೇ ಕಾರಣ.

ಕೆಟಲ್: ಅರ್ಧ ನೀರು ತುಂಬಿ. ಹತ್ತಿರಕ್ಕೆ ಎಳೆದುಕೊಂಡು, ಮೊಣಕೈ ಮಡಚಿ ಪಕ್ಕೆಗೆ ಇಟ್ಟು, ಇನ್ನೊಂದು ಕೈಯನ್ನು ತಳಕ್ಕೆ ಬಟ್ಟೆಯಿಟ್ಟು ಕೊಡಿ. ಲೋಟವನ್ನು ಎತ್ತಿ ಹಿಡಿಯಬೇಡಿ, ಕಟ್ಟೆಯ ಮೇಲೇ ಇಡಿ.

ವೈದ್ಯರ ಬಳಿ ಓಡಬೇಕಾದ್ದು ಯಾವಾಗ? ಬೆರಳುಗಳನ್ನು ಬುಡದಿಂದ ಮೇಲೆತ್ತಲು ಆಗದಿದ್ದರೆ, ನೋವು ಇಲ್ಲದಿದ್ದರೂ ಅದೇ ವಾರ ಹೋಗಿ. ಹೆಬ್ಬೆರಳ ಹಿಂಬದಿ ಜೋಮು ಹಿಡಿದರೆ ಅಥವಾ ಕತ್ತು ತಿರುಗಿಸಿದಾಗ ನೋವು ಕೈಗಿಳಿದರೆ ಮೊಣಕೈಯ ಜೊತೆಗೆ ಕತ್ತನ್ನೂ ನೋಡಿಸಬೇಕು. ಸರಿ, ಪಟ್ಟಿ ಕಟ್ಟಿದವರು ಈಗ ಬಿಚ್ಚಿ, ಮುಂದಿನ ಮೇಜಿಗೆ ಬನ್ನಿ.